ತೊಂಬತ್ತು ಪರ್ಸೆಂಟೈಲ್ ಅಂದರೆ ತೊಂಬತ್ತು ಅಂಕವಲ್ಲ

ಪಿಯುಸಿಯಲ್ಲಿ ಶೇ. 90 ತೆಗೆದ ಹುಡುಗಿ ಜೆಇಇ ಮೇನ್‌ನಲ್ಲೂ '90 ಬಂದರೆ ಸಾಕು' ಎಂದು ಗೋಡೆಗೆ ಚೀಟಿ ಅಂಟಿಸುತ್ತಾಳೆ. ತಪ್ಪು ಶುರುವಾಗುವುದು ಅಲ್ಲೇ.

ಶೇಕಡಾ ಅಂಕ ಹೇಳುವುದು ನೂರಕ್ಕೆ ಎಷ್ಟು ಗಳಿಸಿದಿರಿ ಎಂಬುದನ್ನು. ಪರ್ಸೆಂಟೈಲ್ ಹೇಳುವುದು ನಿಮ್ಮ ಪಾಳಿಯಲ್ಲಿ ಬರೆದವರಲ್ಲಿ ಶೇಕಡಾ ಎಷ್ಟು ಜನರ ಅಂಕ ನಿಮ್ಮಷ್ಟೇ ಅಥವಾ ನಿಮಗಿಂತ ಕಡಿಮೆ ಎಂಬುದನ್ನು. ಪಾಳಿಯಲ್ಲಿ ಒಂದು ಲಕ್ಷ ಜನರಿದ್ದು, ನಿಮ್ಮದು 90 ಪರ್ಸೆಂಟೈಲ್ ಆದರೆ, ಹತ್ತು ಸಾವಿರ ಜನ ನಿಮಗಿಂತ ಮುಂದಿದ್ದಾರೆ.

ಪ್ರಶ್ನೆಪತ್ರಿಕೆ ಕಠಿಣವಾದರೆ ಎಲ್ಲರ ಅಂಕವೂ ಇಳಿಯುತ್ತದೆ. ಆಗ 300ಕ್ಕೆ 180 ಬಂದರೂ, ಅಂದರೆ ಬರೀ ಶೇ. 60ಕ್ಕೂ, 99 ಪರ್ಸೆಂಟೈಲ್ ಸಿಗಬಹುದು. 'ಶೇ. 99 ಅಂಕ ಬೇಕು' ಎಂದುಕೊಂಡವರು ಕಾರಣವಿಲ್ಲದೆ ಎದೆಗುಂದುತ್ತಾರೆ.

ಇನ್ನೊಂದು ಮೋಸವೂ ಇದೆ. 98ರಿಂದ 99ಕ್ಕೆ ಒಂದೇ ಮೆಟ್ಟಿಲೆಂದು ಕಾಣುತ್ತದೆ. ಆದರೆ ಹತ್ತು ಲಕ್ಷ ಅಭ್ಯರ್ಥಿಗಳಲ್ಲಿ ಅದು ಹತ್ತು ಸಾವಿರ ಜನರನ್ನು ದಾಟುವ ಕೆಲಸ.

ಆದ್ದರಿಂದ ಮೊದಲು ಬೇಕಾದ ಕಾಲೇಜಿನ ಹಿಂದಿನ ವರ್ಷದ ಕೊನೆಯ ರ‍್ಯಾಂಕ್ ನೋಡಿ. ಅದನ್ನು ಪರ್ಸೆಂಟೈಲ್‌ಗೆ, ಅಲ್ಲಿಂದ ಹಿಂದಿನ ಪಾಳಿಗಳ ಅಂಕಕ್ಕೆ ಇಳಿಸಿ. ಗೋಡೆಯ ಚೀಟಿಯಲ್ಲಿ ಆ ಅಂಕವನ್ನೇ ಬರೆಯಿರಿ.