ಕಡತ ಹೊರಬೇಡಿ, ಜಾಗ ತೋರಿಸಿ

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳನ್ನು ಕಲ್ಪಿಸಿಕೊಳ್ಳಿ. ಮೇಲಧಿಕಾರಿ ಹೊತ್ತಲ್ಲದ ಹೊತ್ತಿನಲ್ಲಿ ಕಂಪನಿಯ ಚಾಟ್‌ನಲ್ಲೂ ವಾಟ್ಸಾಪ್‌ನಲ್ಲೂ ಬೇಡದ ಮಾತುಗಳನ್ನು ಕಳಿಸುತ್ತಾನೆ. ಆಕೆ ಖಡಾಖಂಡಿತವಾಗಿ ಬೇಡ ಅಂದ ಮೇಲೆ, 4 ಇದ್ದ ಆಕೆಯ ವಾರ್ಷಿಕ ರೇಟಿಂಗ್ 2ಕ್ಕೆ ಇಳಿಯುತ್ತದೆ. ದೂರು ಕೊಡಲು ನಿರ್ಧರಿಸಿದ ಆ ರಾತ್ರಿ ಆಕೆಗೆ ಮೊದಲು ಹೊಳೆಯುವುದು ಒಂದೇ: ನಾಳೆ ಲ್ಯಾಪ್‌ಟಾಪ್ ಕಿತ್ತುಕೊಂಡರೆ ನನ್ನ ಹತ್ತಿರ ಏನುಳಿಯುತ್ತದೆ? ಒಂದೊಂದೇ ಮೇಲ್ ತನ್ನ ಸ್ವಂತ ಜಿಮೇಲ್‌ಗೆ ಕಳಿಸುತ್ತಾಳೆ. ತಂಡದ 14 ಜನರ ರೇಟಿಂಗ್, ಸಂಬಳ ಎಲ್ಲ ಇರುವ ಎಕ್ಸೆಲ್ ಹಾಳೆಯೂ ಅದರ ಜೊತೆ ಹೋಗುತ್ತದೆ.

ಎಡವಟ್ಟು ಆಗುವುದು ಇಲ್ಲೇ. ದೊಡ್ಡ ಕಂಪನಿಗಳಲ್ಲಿ ಮಾಹಿತಿ ಹೊರಗೆ ಹೋಗುವುದನ್ನು ಕಾಯುವ ತಂತ್ರಾಂಶ ಇರುತ್ತದೆ. ಸ್ವಂತ ಮೇಲ್‌ಗೆ ಒಂದೇ ರಾತ್ರಿ ಇಷ್ಟೊಂದು ಕಡತ ಹೋದರೆ ಅದು ಭದ್ರತಾ ವಿಭಾಗಕ್ಕೆ ಎಚ್ಚರಿಕೆ ಕಳಿಸುತ್ತದೆ. ಎರಡು ದಿನದಲ್ಲಿ ಆಕೆಯ ಕೈಗೆ ನೋಟಿಸ್. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಗೋಪ್ಯತಾ ಒಪ್ಪಂದ ಮೀರಿದ್ದೀರಿ, ವಿವರಣೆ ಕೊಡಿ ಎಂದು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಸೆಕ್ಷನ್ ಪ್ರಕಾರ, ಯಜಮಾನರ ಅನುಮತಿ ಇಲ್ಲದೆ ಕಂಪ್ಯೂಟರಿನಿಂದ ಮಾಹಿತಿ ನಕಲು ಮಾಡಿಕೊಂಡರೆ ಪರಿಹಾರ ತೆರಬೇಕಾದೀತು. ಅದರಲ್ಲಿ ಅಪ್ರಾಮಾಣಿಕ ಉದ್ದೇಶ ಇತ್ತೆಂದು ರುಜುವಾತಾದರೆ 66ನೇ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಜೈಲೂ ಆಗಬಹುದು. ಆಕೆಗೆ ಅಂಥ ಉದ್ದೇಶ ಇರಲಿಲ್ಲ, ನಿಜ. ಆದರೆ ಅದನ್ನು ಹೇಳಿ ಒಪ್ಪಿಸುವ ಹೊರೆ ಈಗ ಆಕೆಯ ತಲೆ ಮೇಲೆ. ಕಿರುಕುಳದ ದೂರು ಹಿಂದೆ ಸರಿದು, ಕಡತದ ಕಥೆ ಮುಂದೆ ಬಂದು ನಿಂತಿತು.

ಹೇಗೆ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ನಮ್ಮ ನ್ಯಾಯಾಲಯಗಳು ಸಾಕ್ಷ್ಯವನ್ನು ಸಾಮಾನ್ಯವಾಗಿ ತಳ್ಳಿಹಾಕುವುದಿಲ್ಲ. 1973ರ ಪೂರನ್ ಮಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಆದರೆ ಸಾಕ್ಷ್ಯ ಉಳಿಯಿತು ಅಂದರೆ ಕೆಲಸ ಉಳಿಯಿತು ಅಂತಲ್ಲ. ತಂದ ರೀತಿಗಾಗಿ ಕಂಪನಿ ಬೇರೆಯೇ ಶಿಸ್ತುಕ್ರಮ ಕೈಗೊಳ್ಳಬಹುದು.

ಹಾಗಾದರೆ ದಾರಿ? ಅದು ಕಾಯ್ದೆಯಲ್ಲೇ ಇದೆ. ಪೋಶ್ ಎಂದು ಎಲ್ಲರೂ ಕರೆಯುವ 2013ರ ಕಾಯ್ದೆಯ 11ನೇ ಸೆಕ್ಷನ್, ಕಂಪನಿಯ ಆಂತರಿಕ ಸಮಿತಿಗೆ ಸಿವಿಲ್ ನ್ಯಾಯಾಲಯಕ್ಕಿರುವ ಕೆಲವು ಅಧಿಕಾರಗಳನ್ನು ಕೊಟ್ಟಿದೆ. ಸಾಕ್ಷಿಗಳನ್ನು ಕರೆಸಿ ಪ್ರಮಾಣ ಮಾಡಿಸಿ ಕೇಳಬಹುದು, ದಾಖಲೆಗಳನ್ನು ತಂದು ಹಾಜರುಪಡಿಸಿ ಎಂದು ಆದೇಶಿಸಬಹುದು. ಅಂದರೆ ದೂರುದಾರಳು ಕಡತವನ್ನು ಹೊತ್ತು ತರಬೇಕಿಲ್ಲ. ಅದು ಎಲ್ಲಿದೆ ಎಂದು ತೋರಿಸಿದರೆ ಸಾಕು, ತರಿಸುವ ಕೆಲಸ ಸಮಿತಿಯದು.

ಮೊದಲು ದಾಖಲೆಗಳನ್ನು ಮೂರು ಗುಂಪು ಮಾಡಿಕೊಳ್ಳಬೇಕು. ಸ್ವಂತ ಫೋನಿಗೆ ಬಂದ ವಾಟ್ಸಾಪ್ ಸಂದೇಶ, ತಾನೇ ಬರೆದಿಟ್ಟ ದಿನಚರಿ, ತನಗೆ ಕೊಟ್ಟ ನೇಮಕಾತಿ ಪತ್ರ, ಸಂಬಳದ ಚೀಟಿ, ರೇಟಿಂಗ್ ಪತ್ರ ಮೊದಲ ಗುಂಪು. ಇವನ್ನು ಇಟ್ಟುಕೊಳ್ಳಲು ಅಂಜಬೇಕಿಲ್ಲ. ಫೋನಿನಲ್ಲಿರುವ ಮೂಲ ಸಂದೇಶವನ್ನು ಮಾತ್ರ ಅಳಿಸಬಾರದು, ಫೋನ್ ಬದಲಿಸುವುದಾದರೂ ಹಳೆಯದನ್ನು ಮಾರಬಾರದು. ಎರಡನೆಯದು, ಕಂಪನಿಯ ಚಾಟ್ ಅಥವಾ ಮೇಲ್‌ನಲ್ಲಿ ನೇರವಾಗಿ ಆಕೆಗೇ ಬಂದ ಮಾತುಗಳು. ಇವನ್ನು ಹೊರಗಿನ ಮೇಲ್‌ಗೆ ಕಳಿಸುವ ಬದಲು ಆಫೀಸಿನ ಮೇಲ್‌ನಿಂದಲೇ ಸಮಿತಿಯ ವಿಳಾಸಕ್ಕೆ ಕಳಿಸಬಹುದು. ಕಂಪನಿಯ ಗಡಿ ದಾಟದ ಕಡತಕ್ಕೆ ಸೋರಿಕೆಯ ಆರೋಪ ಅಂಟುವುದು ಕಷ್ಟ. ಮೂರನೆಯದು, ಗ್ರಾಹಕರ ಮಾಹಿತಿ, ಸೋರ್ಸ್ ಕೋಡ್, ಬೇರೆಯವರ ಸಂಬಳ. ಇದನ್ನು ಮುಟ್ಟಲೇಬಾರದು. ಪರದೆಯನ್ನು ಸ್ವಂತ ಫೋನಿನಲ್ಲಿ ಫೋಟೋ ಹೊಡೆದರೂ ಅದು ನಕಲೇ. ತಂತ್ರಾಂಶದ ಕಣ್ಣಿಗೆ ಬೀಳದಿದ್ದರೂ, ಸಮಿತಿಯ ಮುಂದಿಟ್ಟ ದಿನ ಎಲ್ಲಿಂದ ಬಂತು ಎಂಬ ಪ್ರಶ್ನೆ ಏಳುತ್ತದೆ.

ಆ ಎಕ್ಸೆಲ್ ಹಾಳೆ ಮೂರನೆಯ ಗುಂಪಿನದು. ಅದರ ಬದಲು ದೂರಿನ ಜೊತೆ ಆಕೆ ಹೀಗೆ ಬರೆಯಬಹುದು: ‘ನಮ್ಮ ತಂಡದ ರೇಟಿಂಗ್ ಹಾಳೆ ತಂಡದ ಹಂಚಿಕೆಯ ಫೋಲ್ಡರ್‌ನಲ್ಲಿದೆ. ಮಾರ್ಚ್ 11ರ ಸಂಜೆ ನನ್ನ ರೇಟಿಂಗ್ 4 ಎಂದಿದ್ದನ್ನು ನಾನು ನೋಡಿದ್ದೇನೆ. ಮಾರ್ಚ್ 14ರ ಬೆಳಿಗ್ಗೆ 2 ಎಂದಿತ್ತು. ನಾನು ಇದರ ನಕಲು ಮಾಡಿಕೊಂಡಿಲ್ಲ. ಹಾಳೆಯ ಬದಲಾವಣೆ ಇತಿಹಾಸದ ಸಮೇತ ಇದನ್ನು ತರಿಸಿಕೊಂಡು ನೋಡಬೇಕೆಂದು ಕೋರುತ್ತೇನೆ. ಇತರರ ಸಂಬಳದ ಕಾಲಂ ಮುಚ್ಚಿ ನೋಡಲು ನನ್ನ ಅಭ್ಯಂತರವಿಲ್ಲ.’

ಹೀಗೆ ಬರೆದದ್ದರಿಂದ ಸಾಕ್ಷ್ಯ ಸೊರಗುವುದಿಲ್ಲ, ಬಲವಾಗುತ್ತದೆ. ಸ್ಕ್ರೀನ್‌ಶಾಟ್‌ನಲ್ಲಿ ಕಾಣುವುದು ಒಂದು ಅಂಕಿ ಮಾತ್ರ, ಅದನ್ನು ತಿದ್ದಿಲ್ಲ ಎನ್ನಲು ಆಧಾರವಿಲ್ಲ. ಹಾಳೆ ಇದ್ದ ಜಾಗದಲ್ಲೇ ಇದ್ದರೆ, ಯಾರು ಯಾವಾಗ ಅಂಕಿ ಬದಲಿಸಿದರು ಎಂಬುದು ಇತಿಹಾಸದಲ್ಲಿ ಸಿಗಬಹುದು. ಮೇಲ್‌ಗೂ ಇದೇ ಮಾತು. ಫಾರ್ವರ್ಡ್ ಮಾಡಿದ್ದು ಹೊಸ ಮೇಲ್ ಆಗುತ್ತದೆ, ಮೂಲದ ತಲೆಬರಹದ ವಿವರ ಅದರಲ್ಲಿ ಪೂರ್ತಿ ಉಳಿಯುವುದಿಲ್ಲ.

ಇಲ್ಲಿ ಕಾಲವೇ ವೈರಿ. ಸಿಸಿಟಿವಿ ದೃಶ್ಯದ ಮೇಲೆ ಕೆಲವೇ ವಾರಗಳಲ್ಲಿ ಹೊಸದು ದಾಖಲಾಗಬಹುದು, ಹಳೆಯ ಚಾಟ್ ತಾನಾಗಿಯೇ ಅಳಿಯುವ ವ್ಯವಸ್ಥೆ ಇರಬಹುದು. ಆದ್ದರಿಂದ ದೂರಿನ ಜೊತೆಗೇ, ಇಂತಿಂಥ ದಿನಾಂಕದ ಚಾಟ್, ಮೇಲ್, ಗೇಟಿನ ಪ್ರವೇಶ ದಾಖಲೆ, ಸಿಸಿಟಿವಿ ಅಳಿಸದೆ ಕಾಯ್ದಿಡಿ ಎಂದು ಸಮಿತಿಯ ಅಧ್ಯಕ್ಷೆಗೆ ಬರೆದು, ಕಳಿಸಿದ ದಿನ ಸಮಯವನ್ನು ಗುರುತು ಹಾಕಿಕೊಳ್ಳಬೇಕು. ಆ ಮೇಲೆ ದಾಖಲೆ ಮಾಯವಾದರೆ, ಕೇಳಿದ ಮೇಲೂ ಏಕೆ ಹೋಯಿತು ಎಂದು ಕಂಪನಿಯನ್ನೇ ಕೇಳಬಹುದು. ದೂರಿಗೂ ಗಡುವಿದೆ: ಕೊನೆಯ ಘಟನೆಯಿಂದ ಮೂರು ತಿಂಗಳು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು.

ಒಪ್ಪಿಸುವ ಪುಟದಲ್ಲಿ ಗ್ರಾಹಕರ ಹೆಸರಿದ್ದರೆ ಮುಚ್ಚಬೇಕಾದೀತು. ಪಿಡಿಎಫ್ ಮೇಲೆ ಕಪ್ಪು ಚೌಕ ಇಟ್ಟರೆ ಸಾಲದು, ಆ ಜಾಗವನ್ನು ಆರಿಸಿ ಕಾಪಿ ಮಾಡಿದರೆ ಕೆಳಗಿನ ಅಕ್ಷರ ಹಾಗೇ ಹೊರಬರುತ್ತದೆ. ಮುದ್ರಿಸಿ, ದಪ್ಪ ಕಪ್ಪು ಪೆನ್ನಿನಿಂದ ಹೊಡೆದು, ಬೆಳಕಿಗೆ ಹಿಡಿದು ನೋಡಿ, ಮತ್ತೆ ಸ್ಕ್ಯಾನ್ ಮಾಡುವುದು ಭದ್ರ. ಏನನ್ನು ಏಕೆ ಮುಚ್ಚಿದೆ, ಮೂಲ ಎಲ್ಲಿದೆ ಎಂದು ಅಂಚಿನಲ್ಲಿ ಬರೆಯಬೇಕು. ಇಲ್ಲವಾದರೆ ಅದನ್ನೇ ತಿದ್ದುಪಡಿ ಎನ್ನುತ್ತಾರೆ. ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿಗಾಗಲಿ, ಪತ್ರಿಕೆಗಾಗಲಿ ಇದು ಹೋಗಕೂಡದು. ದೂರಿನ ವಿವರ ಬಹಿರಂಗ ಮಾಡುವುದನ್ನು ಇದೇ ಕಾಯ್ದೆಯ 16ನೇ ಸೆಕ್ಷನ್ ತಡೆಯುತ್ತದೆ.

ಆದರೆ ಆಕೆ ಕಡತಗಳನ್ನು ಆಗಲೇ ಕಳಿಸಿಬಿಟ್ಟಿದ್ದಾಳಲ್ಲ! ಗಾಬರಿಯಲ್ಲಿ ಅಳಿಸಬಾರದು, ಅಳಿಸಿದ ಗುರುತು ಕದ್ದವರ ಗುರುತಿನಂತೆ ಕಾಣುತ್ತದೆ. ಅವನ್ನು ಮತ್ತೆ ತೆರೆಯದೆ, ಯಾರಿಗೂ ಕಳಿಸದೆ, ವಕೀಲರೊಬ್ಬರನ್ನು ಕಂಡು, ಏನೇನು ಎಂದು ಹೋಯಿತು ಎಂಬ ಪಟ್ಟಿಯನ್ನು ತಾನಾಗಿಯೇ ಸಮಿತಿಗೆ ಬರೆದು ಕೊಡಬೇಕು. ಕಂಪನಿಯವರು ಎಲ್ಲ ಅಳಿಸಿದ್ದೇನೆ ಎಂಬ ಮುಚ್ಚಳಿಕೆಗೆ ಸಹಿ ಕೇಳಿದರೆ, ಮೂಲಗಳನ್ನು ಕಾಯ್ದಿಟ್ಟಿದ್ದೇವೆ ಎಂದು ಅವರಿಂದ ಬರಹದಲ್ಲಿ ಬಂದ ಮೇಲಷ್ಟೇ ಸಹಿ.

ಸಮಿತಿ ಕೇಳಿದ ದಾಖಲೆ ತರಿಸದೇ ಇರುವುದೂ ಉಂಟು. ಆಗ ಆಕೆ ಕೊಟ್ಟ ಪಟ್ಟಿಯೇ ಮೇಲ್ಮನವಿಯ ಆಧಾರವಾಗುತ್ತದೆ, ಅದಕ್ಕೆ 90 ದಿನ ಕಾಲಾವಕಾಶವಿದೆ. ಇನ್ನು ದೂರು ರುಜುವಾತಾಗಲಿಲ್ಲ ಎಂಬಷ್ಟಕ್ಕೇ ದೂರುದಾರಳ ಮೇಲೆ ಕ್ರಮ ಇಲ್ಲ ಎಂದು 14ನೇ ಸೆಕ್ಷನ್ ಹೇಳುತ್ತದೆ. ದುರುದ್ದೇಶದಿಂದ ಅಥವಾ ಸುಳ್ಳೆಂದು ಗೊತ್ತಿದ್ದೂ ದೂರು ಕೊಟ್ಟಿದ್ದರೆ, ಇಲ್ಲವೇ ನಕಲಿ ಅಥವಾ ದಾರಿತಪ್ಪಿಸುವ ದಾಖಲೆ ಒಪ್ಪಿಸಿದ್ದರೆ ಮಾತ್ರ ಕ್ರಮ. ಹಾಗಾಗಿ ರಾಶಿ ಕಡತ ತಂದರೇ ನಂಬುತ್ತಾರೆ ಎಂಬ ಭಯಕ್ಕೆ ಕಾರಣವಿಲ್ಲ.

ವಿಚಾರಣೆಯ ಕೋಣೆಗೆ ಹೋಗುವಾಗ ಆಕೆಯ ಚೀಲದಲ್ಲಿ ಎರಡೇ ಹಾಳೆ ಇರಲಿ: ಏನು, ಯಾವತ್ತಿನದು, ಎಲ್ಲಿದೆ, ಯಾರ ಬಳಿ ಇದೆ ಎಂಬ ಪಟ್ಟಿ. ರೇಟಿಂಗ್ ಹಾಳೆಯನ್ನು ಕಂಪನಿಯ ಕಂಪ್ಯೂಟರಿನಲ್ಲೇ ತೆರೆದು, ಮಾರ್ಚ್ 11ರಿಂದ 14ರ ನಡುವೆ ಆ 4 ಯಾರ ಕೈಯಲ್ಲಿ 2 ಆಯಿತು ಎಂದು ಸಮಿತಿಯವರೇ ಓದಲಿ.