ದಾರದಿಂದ ಶುರು: ಪಾರ್ಲರಿನ ಹೊಸ ಹುಡುಗಿಯ ಮೂರು ತಿಂಗಳು

ಬೆಂಗಳೂರಿನ ಯಾವುದೇ ಜನನಿಬಿಡ ಬಡಾವಣೆಯ ಪಾರ್ಲರಿನಲ್ಲಿ ಶನಿವಾರ, ಭಾನುವಾರ ಒಂದು ಕುರ್ಚಿಯೂ ಖಾಲಿ ಸಿಗುವುದಿಲ್ಲ. ಹೊಸದಾಗಿ ಸೇರಿದ ಹುಡುಗಿಯ ಕೈಗೆ ಪೊರಕೆ ಮತ್ತು ಟವೆಲ್ ಬರುತ್ತವೆ, ವಾರಗಟ್ಟಲೆ ಅಷ್ಟೇ. ಆಮೇಲೆ ಗೌರಿ ಹಬ್ಬದ ಮುನ್ನಾದಿನ ರಶ್ ತಡೆಯಲಾರದೆ, ‘ಐಬ್ರೋ ಮಾಡಿಬಿಡು’ ಎಂದು ಅದೇ ಹುಡುಗಿಯನ್ನು ಯಾರದೋ ಮುಖದ ಮುಂದೆ ನಿಲ್ಲಿಸುತ್ತಾರೆ. ಇದರಿಂದ ಆ ಹುಡುಗಿಗೂ ಅನ್ಯಾಯ, ಕುರ್ಚಿಯಲ್ಲಿ ಕೂತವರಿಗೂ ಅನ್ಯಾಯ. ಹಾಗಾಗಿ ಮೂರು ತಿಂಗಳ ತರಬೇತಿಯಲ್ಲಿ ಮೊದಲು ಗೊತ್ತುಮಾಡಬೇಕಾದದ್ದು ಸಮಯ. ಮಂಗಳವಾರದಿಂದ ಗುರುವಾರದವರೆಗೆ ಬೆಳಗಿನ ಹೊತ್ತು ಜನ ಕಡಿಮೆ. ಆ ಗಂಟೆಗಳು ಕಲಿಕೆಗೇ ಮೀಸಲು, ಆಗ ಪೊರಕೆ ಬೇರೆಯವರ ಕೈಯಲ್ಲಿರಲಿ.

ಮೊದಲ ತಿಂಗಳು ದಾರದ್ದು. ಸುಮಾರು ಎರಡು ಅಡಿ ಹತ್ತಿ ದಾರ ತೆಗೆದುಕೊಂಡು ನಡುವೆ ಐದಾರು ಸುತ್ತು ಹಾಕಿ, ಬೆರಳು ಅಗಲಿಸಿದಾಗ ಆ ಗಂಟು ಸರಾಗವಾಗಿ ಅತ್ತಿತ್ತ ಓಡುವಂತೆ ಮಾಡುವುದೇ ಮೊದಲ ಪಾಠ. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವ ಹಳೆಯ ಅಭ್ಯಾಸವನ್ನು ಕಲಿಸಲೇಬಾರದು. ಕುತ್ತಿಗೆಗೆ ಕಟ್ಟಿಕೊಂಡರೆ ಕೆಲಸವೂ ನಡೆಯುತ್ತದೆ, ಎಂಜಲೂ ತಾಗುವುದಿಲ್ಲ. ಅಭ್ಯಾಸ ಮಾಡಲು ತನ್ನದೇ ಕಾಲಿದೆ. ಎಳೆದ ಮೇಲೆ ಬೆರಳಾಡಿಸಿ ನೋಡಬೇಕು. ಒರಟಾಗಿ ಚುಚ್ಚಿದರೆ ಕೂದಲು ಬುಡದಿಂದ ಬಂದಿಲ್ಲ, ನಡುವೆ ತುಂಡಾಗಿದೆ ಎಂದರ್ಥ. ಅಂಥ ಕೂದಲು ಎರಡೇ ದಿನದಲ್ಲಿ ಮತ್ತೆ ತಲೆ ಎತ್ತುತ್ತದೆ. ಚರ್ಮ ಕುಯ್ದರೆ ಹೆಚ್ಚಿನ ಸಲ ದಾರದ ತಪ್ಪಲ್ಲ, ಚರ್ಮ ಸಡಿಲವಾಗಿತ್ತು ಎಂದೇ ಲೆಕ್ಕ. ಐಬ್ರೋ ಮಾಡುವಾಗ ಕಸ್ಟಮರ್ ಕೈಯಿಂದಲೇ ರೆಪ್ಪೆಯನ್ನು ಕೆಳಕ್ಕೂ ಹಣೆಯನ್ನು ಮೇಲಕ್ಕೂ ಹಿಡಿಸುವುದು ಅದಕ್ಕೇ.

ಎರಡನೇ ತಿಂಗಳು ವ್ಯಾಕ್ಸ್. ಪಾರ್ಲರಿನ ಸಹೋದ್ಯೋಗಿಗಳು ಒಪ್ಪಿ ಕೈಚಾಚಿದರೆ ಅದೇ ಅಭ್ಯಾಸದ ಹಲಗೆ. ಹೀಟರಿನಿಂದ ತೆಗೆದ ವ್ಯಾಕ್ಸನ್ನು ಪ್ರತಿಸಲವೂ ಮೊದಲು ತನ್ನ ಮಣಿಕಟ್ಟಿನ ಒಳಭಾಗಕ್ಕೆ ಹಚ್ಚಿ ಬಿಸಿ ನೋಡಬೇಕು. ಕೂದಲು ಬೆಳೆದ ದಿಕ್ಕಿಗೆ ತೆಳುವಾಗಿ ಸವರಿ, ಸ್ಟ್ರಿಪ್ ಒತ್ತಿ, ವಿರುದ್ಧ ದಿಕ್ಕಿಗೆ ಎಳೆಯಬೇಕು. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ: ಸ್ಟ್ರಿಪ್ಪನ್ನು ಮೇಲಕ್ಕೆ ಎತ್ತಿಬಿಡುತ್ತಾರೆ. ಎತ್ತಿದರೆ ನೋವು ಹೆಚ್ಚು, ಕೂದಲು ತುಂಡಾಗುತ್ತದೆ, ರಕ್ತ ಹೆಪ್ಪುಗಟ್ಟಿ ನೀಲಿ ಕಲೆಯೂ ಏಳಬಹುದು. ಒಂದು ಕೈ ಚರ್ಮವನ್ನು ಬಿಗಿಯಾಗಿ ಹಿಡಿದಿರಬೇಕು, ಇನ್ನೊಂದು ಕೈ ಚರ್ಮಕ್ಕೆ ಸಮಾಂತರವಾಗಿ ಓಡಬೇಕು. ಮೈಗೆ ತಾಗಿದ ಸ್ಪ್ಯಾಚುಲಾ ಮತ್ತೆ ಡಬ್ಬಿಗೆ ಇಳಿಯಬಾರದು. ರಶ್ ಇದ್ದಾಗ ಮೊದಲು ಮುರಿಯುವ ನಿಯಮ ಇದೇ. ಅದಕ್ಕೇ ಕೆಲಸ ಶುರುವಾಗುವ ಮೊದಲೇ ಮರದ ಕಡ್ಡಿಗಳ ಕಟ್ಟು ಟ್ರಾಲಿಯಲ್ಲಿ ಇರಲೇಬೇಕು.

ಮೂರನೇ ತಿಂಗಳಲ್ಲಿ ಕಸ್ಟಮರ್. ಇಲ್ಲಿ ಮೊದಲು ಕೈ, ಕಾಲು, ಆಮೇಲೆ ಅಪ್ಪರ್ ಲಿಪ್, ಕೊನೆಗೆ ಐಬ್ರೋ. ಕೈಯಲ್ಲಿ ನಾಲ್ಕು ಕೂದಲು ಉಳಿದರೆ ಮತ್ತೊಮ್ಮೆ ಎಳೆಯಬಹುದು. ಹುಬ್ಬಿನಲ್ಲಿ ನಾಲ್ಕು ಹೆಚ್ಚಿಗೆ ಹೋದರೆ ಅವು ಮರಳಿ ಬರಲು ವಾರಗಟ್ಟಲೆ ಕಾಯಬೇಕು. ಮೂರು ತಿಂಗಳಲ್ಲಿ ಹೆಚ್ಚು ಒತ್ತು ಕೊಡಬೇಕಾದದ್ದು ಮಾತ್ರ ದಾರಕ್ಕೂ ವ್ಯಾಕ್ಸಿಗೂ ಅಲ್ಲ, ಕೆಲಸ ಶುರುಮಾಡುವ ಮೊದಲಿನ ಪ್ರಶ್ನೆಗೆ ಎಂದು ನನಗನಿಸುತ್ತದೆ.

ಒಂದು ಸಂದರ್ಭ ನೋಡಿ. ಕಾಲೇಜು ಹುಡುಗಿಯೊಬ್ಬಳು ಬಂದು, ‘ಅಕ್ಕಾ, ಅಪ್ಪರ್ ಲಿಪ್ ವ್ಯಾಕ್ಸ್ ಮಾಡಿ’ ಎನ್ನುತ್ತಾಳೆ. ಕೆನ್ನೆಯ ಮೇಲೆ ಮೊಡವೆಯ ಹಳೆಯ ಗುರುತುಗಳು, ಮೂಗಿನ ಪಕ್ಕ ಸಿಪ್ಪೆ ಏಳುತ್ತಿರುವ ಚರ್ಮ. ಹೊಸಬಳು ಅದನ್ನು ಕಂಡು, ‘ಮುಖಕ್ಕೆ ಏನಾದರೂ ಕ್ರೀಮ್ ಹಚ್ಚುತ್ತಿದ್ದೀರಾ? ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?’ ಎಂದು ಕೇಳಬೇಕು. ‘ಸುಮ್ಮನೆ ಒಂದು ಪಿಂಪಲ್ ಕ್ರೀಮ್’ ಎಂಬ ಉತ್ತರಕ್ಕೆ ನಿಲ್ಲದೆ ಟ್ಯೂಬಿನ ಹೆಸರು ಕೇಳಬೇಕು. ಅಡಾಪಲಿನ್ ಅಥವಾ ಟ್ರೆಟಿನಾಯಿನ್ ಇದ್ದರೆ ಅಲ್ಲಿ ವ್ಯಾಕ್ಸ್ ಬೇಡ. ಇಂಥ ಕ್ರೀಮುಗಳಿಂದ ಚರ್ಮದ ಮೇಲ್ಪದರ ನಾಜೂಕಾಗಿರುತ್ತದೆ, ಸ್ಟ್ರಿಪ್ಪಿನ ಜೊತೆ ಅದೂ ಕಿತ್ತು ಬರುತ್ತದೆ. ಕೆಂಪಗೆ ಹಸಿ ಗಾಯ ಉಳಿದು, ನಮ್ಮ ಗೋಧಿಬಣ್ಣದ, ಕಪ್ಪು ಚರ್ಮದಲ್ಲಿ ಅದು ತಿಂಗಳುಗಟ್ಟಲೆ ಕಪ್ಪು ಕಲೆಯಾಗಿ ಕೂರುತ್ತದೆ. ಐಸೊಟ್ರೆಟಿನಾಯಿನ್ ಮಾತ್ರೆಯಾದರೆ ಎಚ್ಚರ ಇನ್ನೂ ಹೆಚ್ಚು ಬೇಕು. ಅದನ್ನು ನಿಲ್ಲಿಸಿ ಆರು ತಿಂಗಳಾಗುವ ತನಕ ವ್ಯಾಕ್ಸ್ ಬೇಡ ಎನ್ನುವುದು ರೂಢಿಯ ಸಲಹೆ.

ಹೊಸಬಳಿಗೆ ಇಲ್ಲಿ ಎರಡು ವಾಕ್ಯ ಬಾಯಿಪಾಠವಾಗಿರಬೇಕು: ‘ಇವತ್ತು ವ್ಯಾಕ್ಸ್ ಮಾಡಿದರೆ ಚರ್ಮ ಸುಲಿಯಬಹುದು ಮೇಡಂ. ನಮ್ಮ ಸೀನಿಯರ್ ಅಕ್ಕನನ್ನು ಕರೆಯುತ್ತೇನೆ.’ ದಾರದಲ್ಲಿ ಮಾಡಬಹುದೋ, ಡಾಕ್ಟರನ್ನು ಕೇಳಿ ಬರಲು ಹೇಳಬೇಕೋ ಎಂಬ ತೀರ್ಮಾನ ಸೀನಿಯರದ್ದು. ಮಣಿಪುರ, ಮಿಜೋರಾಂಗಳಿಂದ ಬಂದ ಹುಡುಗಿಯರೂ ನಗರದ ಪಾರ್ಲರುಗಳಲ್ಲಿ ದುಡಿಯುತ್ತಾರೆ. ಕನ್ನಡದ ‘ಉರಿಯುತ್ತಿದೆಯಾ?’ ‘ಅಲರ್ಜಿ ಇದೆಯಾ?’ ಅವರಿಗೆ ಮೊದಲ ವಾರವೇ ಬರಬೇಕು. ಉರಿ ಎಂದವರ ಮಾತು ತಿಳಿಯದೆ ಕೈ ಮುಂದುವರಿದರೆ ಸುಟ್ಟೇ ಸುಡುತ್ತದೆ.

ಹೇರ್ ಕಲರ್, ಸ್ಟ್ರೇಟ್ನಿಂಗ್, ಮದುಮಗಳ ಮೇಕಪ್ ಈ ಮೂರು ತಿಂಗಳಿಗೆ ಸೇರುವುದಿಲ್ಲ. ಕಲರಿಗೆ 48 ಗಂಟೆ ಮುಂಚೆ ಪ್ಯಾಚ್ ಟೆಸ್ಟ್ ಮಾಡಬೇಕು ಎಂಬುದಷ್ಟೇ ತಿಳಿದಿರಲಿ. ಕೊನೆಯ ವಾರದ ಪರೀಕ್ಷೆಯನ್ನು ಮಾಲೀಕರು ಬುಧವಾರ ಬೆಳಗ್ಗೆ ಇಟ್ಟರೆ ಸಾಲದು. ಶನಿವಾರ ಸಂಜೆ ಐದು ಜನ ಕಾಯುತ್ತಿರುವಾಗ ಹೊಸಬಳು ಹೊಸ ಕಡ್ಡಿ ತೆಗೆದಳೇ, ಪ್ರಶ್ನೆ ಕೇಳಿದಳೇ ಎಂದು ದೂರದಿಂದ ನೋಡಿ, ಎರಡರಲ್ಲಿ ಒಂದು ತಪ್ಪಿದರೂ ಇನ್ನೊಂದು ತಿಂಗಳು ಸೀನಿಯರ್ ಪಕ್ಕದಲ್ಲೇ ಕೆಲಸ ಕೊಡಬೇಕು.