ಬಾಂಡಿನ ನಿಜಬೆಲೆ: ಒಂದೊಂದು ಕಂತಿನ ಲೆಕ್ಕ

ಬಿಲ್ಲುಗಳನ್ನು ಬ್ಯಾಂಕಿನಲ್ಲಿ ಡಿಸ್ಕೌಂಟ್ ಮಾಡಿಸುವ ವರ್ತಕರಿಗೆ, ಮುಂದೆ ಬರಲಿರುವ ಹಣಕ್ಕೆ ಇಂದು ಕಡಿಮೆ ಬೆಲೆ ಎಂಬುದು ಹೊಸ ಮಾತಲ್ಲ. ಬಾಂಡಿನ ಬೆಲೆಯನ್ನು ನಿರ್ಧರಿಸುವ ತತ್ತ್ವವೂ ಇದೇ ಆಗಿದೆ. ಬಿಲ್ಲಿನಲ್ಲಿ ಹಣ ಒಂದೇ ಬಾರಿ ಬರುತ್ತದೆ; ಬಾಂಡಿನಲ್ಲಿ ಬೇರೆ ಬೇರೆ ದಿನಾಂಕಗಳಲ್ಲಿ ಬರುತ್ತದೆ. ಆದುದರಿಂದ ಬಾಂಡನ್ನು ಮುಂದಿನ ತಾರೀಖು ಹಾಕಿದ ಚೆಕ್ಕುಗಳ ಕಟ್ಟು ಎಂದು ಭಾವಿಸಿ, ಪ್ರತಿ ಚೆಕ್ಕಿನ ಇಂದಿನ ಮೌಲ್ಯವನ್ನು ಪ್ರತ್ಯೇಕವಾಗಿ ಕಂಡುಹಿಡಿದು ಕೂಡಿಸಬೇಕು.

ರಿಸರ್ವ್ ಬ್ಯಾಂಕ್ ನವೆಂಬರ್ 2021ರಲ್ಲಿ ‘ರಿಟೇಲ್ ಡೈರೆಕ್ಟ್’ ಯೋಜನೆಯನ್ನು ಆರಂಭಿಸಿದ ನಂತರ ಸಾಮಾನ್ಯ ವ್ಯಕ್ತಿಗಳೂ ಸರ್ಕಾರಿ ಬಾಂಡುಗಳನ್ನು ನೇರವಾಗಿ ಕೊಳ್ಳಬಹುದಾಗಿದೆ. ಹೀಗಾಗಿ ಈ ಲೆಕ್ಕ ಸಣ್ಣ ಉದ್ಯಮಿಗಳಿಗೂ ಅಗತ್ಯವಾಗಿದೆ.

ಉದಾಹರಣೆ

ಒಬ್ಬ ಯಂತ್ರಭಾಗ ತಯಾರಕರ ಮುಂದೆ ಒಂದು ಸರ್ಕಾರಿ ಬಾಂಡಿದೆ. ಮುಖಬೆಲೆ ರೂ. 1,00,000, ಕೂಪನ್ ಅಂದರೆ ನಿಗದಿತ ಬಡ್ಡಿ ವರ್ಷಕ್ಕೆ ಶೇ. 7, ಉಳಿದ ಅವಧಿ ಸರಿಯಾಗಿ 3 ವರ್ಷ. ಮಾರುವವರು ಕೇಳುವ ಬೆಲೆ ರೂ. 98,500. ಮುಖಬೆಲೆಗಿಂತ ರೂ. 1,500 ಕಡಿಮೆ ಇರುವುದರಿಂದ ಇದು ಲಾಭದ ವ್ಯವಹಾರವೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಅಷ್ಟೇ ಉಳಿಕೆ ಅವಧಿಯ ಇತರ ಸರ್ಕಾರಿ ಬಾಂಡುಗಳು ಮಾರುಕಟ್ಟೆಯಲ್ಲಿ ಶೇ. 8ರ ಪ್ರತಿಫಲ ನೀಡುತ್ತಿವೆ. ಡಿಸ್ಕೌಂಟ್ ಮಾಡಬೇಕಾದ ದರ ಈ ಶೇ. 8 ಹೊರತು ಬಾಂಡಿನ ಮೇಲೆ ಮುದ್ರಿತವಾದ ಶೇ. 7 ಅಲ್ಲ. ಕೂಪನ್ ದರವು ಎಷ್ಟು ಹಣ ಬರುತ್ತದೆಂದು ಹೇಳುತ್ತದೆ. ಮಾರುಕಟ್ಟೆ ದರವು ಆ ಹಣದ ಇಂದಿನ ಬೆಲೆಯನ್ನು ಹೇಳುತ್ತದೆ.

ಸರ್ಕಾರಿ ಬಾಂಡಿನ ಬಡ್ಡಿ ಆರು ತಿಂಗಳಿಗೊಮ್ಮೆ ಬರುವುದರಿಂದ ಎರಡೂ ದರಗಳನ್ನು ಅರ್ಧ ಮಾಡಬೇಕು. ಪ್ರತಿ ಕಂತು ರೂ. 3,500, ಡಿಸ್ಕೌಂಟ್ ದರ ಶೇ. 4, ಒಟ್ಟು ಆರು ಕಂತುಗಳು. ಕೊನೆಯ ಕಂತಿನೊಡನೆ ಅಸಲೂ ಸೇರಿ ರೂ. 1,03,500 ಬರುತ್ತದೆ. ಮೊದಲ ಕಂತನ್ನು 1.04ರಿಂದ ಒಮ್ಮೆ, ಎರಡನೆಯದನ್ನು ಎರಡು ಬಾರಿ, ಹೀಗೆ ಆರನೆಯದನ್ನು ಆರು ಬಾರಿ ಭಾಗಿಸಬೇಕು.

1ನೇ ಕಂತು (6 ತಿಂಗಳು): ರೂ. 3,365.38
2ನೇ ಕಂತು (12 ತಿಂಗಳು): ರೂ. 3,235.95
3ನೇ ಕಂತು (18 ತಿಂಗಳು): ರೂ. 3,111.49
4ನೇ ಕಂತು (24 ತಿಂಗಳು): ರೂ. 2,991.81
5ನೇ ಕಂತು (30 ತಿಂಗಳು): ರೂ. 2,876.74
6ನೇ ಕಂತು ಮತ್ತು ಅಸಲು (36 ತಿಂಗಳು): ರೂ. 81,797.55
ಒಟ್ಟು: ಸುಮಾರು ರೂ. 97,379

ಬಾಂಡಿನ ನಿಜಬೆಲೆ ಇದೇ. ರೂ. 98,500 ಕೊಟ್ಟರೆ ಉದ್ಯಮಿ ರೂ. 1,121ರಷ್ಟು ಹೆಚ್ಚು ತೆತ್ತಂತಾಗುತ್ತದೆ. ಆ ಬೆಲೆಗೆ ಅವರಿಗೆ ದೊರೆಯುವ ವಾರ್ಷಿಕ ಪ್ರತಿಫಲ ಸುಮಾರು ಶೇ. 7.57 ಮಾತ್ರ.

ಎಡವುವ ಸ್ಥಳಗಳು

ಮೊದಲನೆಯದು, ಭಾಗಿಸುವ ಬದಲು ಕಳೆಯುವುದು. ಬಿಲ್ ಡಿಸ್ಕೌಂಟಿನಲ್ಲಿ ಬ್ಯಾಂಕು ಬಿಲ್ಲಿನ ಮೊತ್ತದ ಮೇಲೆಯೇ ಬಡ್ಡಿ ಹಾಕಿ ಮುಂಚಿತವಾಗಿ ಮುರಿದುಕೊಳ್ಳುತ್ತದೆ. ಅದೇ ಅಭ್ಯಾಸದಿಂದ ಕೊನೆಯ ಕಂತಿಗೆ ಆರು ಅರ್ಧವರ್ಷಗಳ ಶೇ. 24 ಕಳೆದರೆ ರೂ. 78,660 ಬರುತ್ತದೆ, ಸರಿಯಾದ ಮೌಲ್ಯಕ್ಕಿಂತ ಇದು ರೂ. 3,138 ಕಡಿಮೆ. ಮೂರು ತಿಂಗಳ ಬಿಲ್ಲಿನಲ್ಲಿ ಈ ವ್ಯತ್ಯಾಸ ಅಲ್ಪ. ಮೂರು ವರ್ಷದ ಬಾಂಡಿನಲ್ಲಿ ಅಲ್ಪವಲ್ಲ. ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸಲು ಸುಲಭ ಮಾರ್ಗವೊಂದಿದೆ. ಅದೇ ಕಂತುಗಳನ್ನು ಕೂಪನ್ ದರವಾದ ಶೇ. 7ರಲ್ಲಿ, ಅಂದರೆ 1.035ರಿಂದ ಭಾಗಿಸಿದರೆ ಮೊತ್ತವು ಸರಿಯಾಗಿ ರೂ. 1,00,000 ಆಗಬೇಕು. ಆಗದಿದ್ದರೆ ವಿಧಾನದಲ್ಲೇ ದೋಷವಿದೆ.

ಎರಡನೆಯದು, ಎರಡು ಕಂತುಗಳ ನಡುವಿನ ಖರೀದಿ. ಮೇಲಿನ ಲೆಕ್ಕ ಕಂತು ಪಾವತಿಯಾದ ದಿನಕ್ಕೆ ಮಾತ್ರ ಅನ್ವಯಿಸುತ್ತದೆ. ಕಂತು ಬಂದ ಎರಡು ತಿಂಗಳ ನಂತರ ಕೊಂಡರೆ, ಅಷ್ಟು ದಿನಗಳ ಬಡ್ಡಿ ಮಾರುವವರಿಗೆ ಸಲ್ಲುತ್ತದೆ. ಸರ್ಕಾರಿ ಬಾಂಡಿಗೆ ತಿಂಗಳಿಗೆ 30, ವರ್ಷಕ್ಕೆ 360 ದಿನಗಳ ಲೆಕ್ಕ. ಅದರಂತೆ 60 ದಿನಕ್ಕೆ ರೂ. 1,166.67. ಮಾರುಕಟ್ಟೆಯಲ್ಲಿ ನಮೂದಿಸುವ ಬೆಲೆಯಲ್ಲಿ ಇದು ಸೇರಿರುವುದಿಲ್ಲ; ಕೊಳ್ಳುವವರು ಪ್ರತ್ಯೇಕವಾಗಿ ಕೊಡಬೇಕು. ಮುಂದಿನ ಪೂರ್ಣ ಕಂತು ಅವರಿಗೇ ಬರುವುದರಿಂದ ಇದು ನಷ್ಟವಲ್ಲ.

ದರ ಬದಲಾದರೆ

ಮಾರುಕಟ್ಟೆ ದರ ಶೇ. 6ಕ್ಕೆ ಇಳಿದರೆ ಇದೇ ಬಾಂಡಿನ ಬೆಲೆ ಸುಮಾರು ರೂ. 1,02,709 ಆಗುತ್ತದೆ. ಸರ್ಕಾರದ ಭರವಸೆ ಕಂತು ಮತ್ತು ಅಸಲಿಗೆ ಇದೆ. ನಡುವೆ ಮಾರುವ ದಿನದ ಬೆಲೆಗೆ ಇಲ್ಲ. ಎರಡು ವರ್ಷದಲ್ಲಿ ಯಂತ್ರ ಕೊಳ್ಳಲು ಬೇಕಾಗುವ ಹಣವನ್ನು ಮೂರು ವರ್ಷದ ಬಾಂಡಿನಲ್ಲಿ ತೊಡಗಿಸುವ ಮುನ್ನ ಇದನ್ನು ಗಮನಿಸತಕ್ಕದ್ದು. ಖಾಸಗಿ ಕಂಪನಿಯ ಬಾಂಡಾದರೆ, ಹಣ ಬಾರದಿರುವ ಸಂಭವಕ್ಕೆ ತಕ್ಕಂತೆ ಡಿಸ್ಕೌಂಟ್ ದರವನ್ನು ಏರಿಸಿ ಇದೇ ಲೆಕ್ಕವನ್ನು ಮತ್ತೊಮ್ಮೆ ಮಾಡಬೇಕು.